ಐನೂರು ರೂಪಾಯಿ ವ್ಯತ್ಯಾಸದ ಹಿಂದೆ

ಕೈಬರಹದಲ್ಲೇ ಲೆಕ್ಕ ಇಡುವ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಎಂದುಕೊಳ್ಳೋಣ. ಮಾರ್ಚ್ 31ಕ್ಕೆ ಗುಮಾಸ್ತರು ಲೆಡ್ಜರಿನ ಎಲ್ಲ ಖಾತೆಗಳ ಬಾಕಿ ತೆಗೆದು ತಾಳೆಪಟ್ಟಿ ಬರೆದರು. ಡೆಬಿಟ್ ಕಡೆ 8,46,300, ಕ್ರೆಡಿಟ್ ಕಡೆ 8,46,800. ಐನೂರು ರೂಪಾಯಿ ಹೊಂದುತ್ತಿಲ್ಲ.

ಇಂಥ ಹೊತ್ತಿಗೆ ಹಳೆಯ ಗುಮಾಸ್ತರ ಬಳಿ ಕೆಲವು ಉಪಾಯಗಳಿವೆ. ಮೊದಲು ಪಟ್ಟಿಯನ್ನೇ ಮತ್ತೆ ಕೂಡುತ್ತಾರೆ. ಆಮೇಲೆ ವ್ಯತ್ಯಾಸದ ಅರ್ಧದಷ್ಟು, ಅಂದರೆ 250ರ ನಮೂದು ಎಲ್ಲಿದೆ ಎಂದು ನೋಡುತ್ತಾರೆ. ಡೆಬಿಟ್ ಆಗಬೇಕಾದದ್ದು ಕ್ರೆಡಿಟ್ ಆದರೆ ವ್ಯತ್ಯಾಸ ಎರಡರಷ್ಟಾಗುತ್ತದೆ. ಒಂಬತ್ತರಿಂದ ಭಾಗಿಸಿ ಶೇಷ ಉಳಿಯದಿದ್ದರೆ ಅಂಕಿಗಳು ಹಿಂದುಮುಂದಾಗಿರಬಹುದೆಂಬ ಗುಮಾನಿ. ನಮ್ಮ ಐನೂರು ಇದಾವುದಕ್ಕೂ ಸಿಗಲಿಲ್ಲ. ಮಾಲೀಕರಿಗೆ ಲಾಭ-ನಷ್ಟದ ಲೆಕ್ಕ ಬೇಗ ಬೇಕು. ಆಗ ಗುಮಾಸ್ತರು ಸಸ್ಪೆನ್ಸ್ ಖಾತೆ ತೆರೆದು, ಕಡಿಮೆ ಬಿದ್ದ ಡೆಬಿಟ್ ಕಡೆಗೆ 500 ಬರೆದು ಪಟ್ಟಿ ಸರಿದೂಗಿಸಿದರು. ಇದು ತಪ್ಪು ಸಿಗುವವರೆಗಿನ ತಾತ್ಕಾಲಿಕ ಏರ್ಪಾಡು.

ನಿಜವಾದ ಹುಡುಕಾಟ ಶುರುವಾಗುವುದು ಇಲ್ಲಿಂದ. ಸಣ್ಣ ಗೋದಾಮಿನ ಬಾಡಿಗೆ ತಿಂಗಳಿಗೆ 1,200. ವರ್ಷಕ್ಕೆ 14,400 ಆಗಬೇಕು, ಖಾತೆಯಲ್ಲಿ 12,000 ಇದೆ. ನೋಡಿದರೆ ಒಂದು ತಿಂಗಳ ಬಾಡಿಗೆಯನ್ನು ಬಾಡಿಗೆ ಖಾತೆಯ ಕ್ರೆಡಿಟ್ ಕಡೆಗೆ ಬರೆದುಬಿಟ್ಟಿದ್ದಾರೆ. 1,200ರ ತಪ್ಪಾದರೂ ತಿದ್ದಲು 2,400 ಬೇಕು: ಅರ್ಧ ಹಣ ತಪ್ಪನ್ನು ಅಳಿಸುವುದಕ್ಕೆ, ಉಳಿದರ್ಧ ಸರಿಯಾದ ಕಡೆ ಬರೆಯುವುದಕ್ಕೆ. ಬಾಡಿಗೆ ಖಾತೆಗೆ ಡೆಬಿಟ್, ಸಸ್ಪೆನ್ಸ್ ಖಾತೆಗೆ ಕ್ರೆಡಿಟ್.

ಎರಡನೆಯದನ್ನು ಗಿರಾಕಿಯೊಬ್ಬರೇ ತೋರಿಸಿಕೊಟ್ಟರು. ಬಾಕಿಯ ಚೀಟಿ ಕೈಗೆ ಬಂದಾಗ 'ಒಂಬೈನೂರು ಜಾಸ್ತಿ ಹಾಕಿದ್ದೀರಲ್ಲ' ಎಂದರು. ಅವರು ಕೊಟ್ಟ 5,400 ನಗದು ಪುಸ್ತಕದಲ್ಲಿ ಸರಿಯಾಗಿದೆ, ಅವರ ಖಾತೆಗೆ ಬರುವಾಗ 4,500 ಆಗಿದೆ. ಸಸ್ಪೆನ್ಸ್ ಖಾತೆಗೆ 900 ಡೆಬಿಟ್, ಗಿರಾಕಿಯ ಖಾತೆಗೆ 900 ಕ್ರೆಡಿಟ್. ಮೂರನೆಯದು ಉದ್ರಿ ಮಾರಾಟದ ಪುಸ್ತಕದ ಒಂದು ಪುಟದ ಮೊತ್ತ. ಸಾವಿರ ಕಡಿಮೆ ಕೂಡಿದ್ದರು. ಸಸ್ಪೆನ್ಸ್ ಖಾತೆಗೆ ಸಾವಿರ ಡೆಬಿಟ್, ಮಾರಾಟ ಖಾತೆಗೆ ಕ್ರೆಡಿಟ್.

ಈಗ ಸಸ್ಪೆನ್ಸ್ ಖಾತೆ ನೋಡಿ. ಡೆಬಿಟ್ ಕಡೆ ಮೊದಲಿನ 500, ಆಮೇಲಿನ 900 ಮತ್ತು 1,000, ಒಟ್ಟು 2,400. ಕ್ರೆಡಿಟ್ ಕಡೆ ಬಾಡಿಗೆಯ 2,400. ಖಾತೆ ಮುಗಿಯಿತು. ಆ ಐನೂರರ ಹಿಂದೆ ಒಟ್ಟು 4,300 ರೂಪಾಯಿಯ ತಿದ್ದುಪಡಿ ಅಡಗಿತ್ತು. ಒಂದು ತಪ್ಪು ಇನ್ನೊಂದನ್ನು ತಿಂದುಹಾಕಿದ್ದರಿಂದಲೇ ಉಪಾಯಗಳು ಕೈಕೊಟ್ಟದ್ದು. 'ಐನೂರು ತಾನೆ, ಖರ್ಚಿಗೆ ಹಾಕಿಬಿಡಿ' ಎನ್ನುವ ಮಾಲೀಕರಿಗೆ ಇದನ್ನು ಹೇಳಲೇಬೇಕು.

ಅದೇ ಅಂಗಡಿಯಲ್ಲಿ 6,000 ಕೊಟ್ಟು ತಂದ ತೂಕದ ಯಂತ್ರವನ್ನು ಮಾಲು ಖರೀದಿಗೆ ಬರೆದಿದ್ದರು. ಇದು ಸಿಕ್ಕರೂ ಸಸ್ಪೆನ್ಸ್ ಖಾತೆಗೆ ಇಲ್ಲಿ ಕೆಲಸವಿಲ್ಲ. ಡೆಬಿಟ್, ಕ್ರೆಡಿಟ್ ಎರಡೂ ಸಮವಾಗಿಯೇ ಬಿದ್ದಿವೆ, ಬಿದ್ದ ಖಾತೆ ಮಾತ್ರ ಬೇರೆ. ಯಂತ್ರದ ಖಾತೆಗೆ ಡೆಬಿಟ್, ಖರೀದಿ ಖಾತೆಗೆ ಕ್ರೆಡಿಟ್ ಮಾಡಿದರೆ ಸಾಕು. ಒಂದೇ ಕಡೆ ಕೆಟ್ಟ ತಪ್ಪಿಗಷ್ಟೇ ಸಸ್ಪೆನ್ಸ್ ಖಾತೆಯ ನೆರವು ಬೇಕು. ಪಿಯುಸಿ ವಿದ್ಯಾರ್ಥಿಗಳು ಹೆಚ್ಚಾಗಿ ಮುಗ್ಗರಿಸುವುದೂ ಇಲ್ಲೇ. ಸಸ್ಪೆನ್ಸ್ ಖಾತೆ ಸೊನ್ನೆಯಾದ ಮೇಲೂ ಇಂಥ ತಪ್ಪು ಹಾಗೇ ಉಳಿದಿರಬಹುದು.

ತಪ್ಪುಗಳು ಸಿಗುವ ಮೊದಲೇ ವರ್ಷದ ಲೆಕ್ಕ ಮುಗಿಸಿದ್ದರೆ? ಆಗ ಆ 500 ರೂಪಾಯಿ ಆಸ್ತಿ-ಹೊಣೆ ಪಟ್ಟಿಯಲ್ಲಿ ಆಸ್ತಿಯ ಕಡೆ ಕೂತಿರುತ್ತದೆ. ಹೊಸ ವರ್ಷದಲ್ಲಿ ತಿದ್ದುವಾಗ ಹಳೆಯ ಬಾಡಿಗೆಯನ್ನು ಈ ವರ್ಷದ ಬಾಡಿಗೆಗೆ ಸೇರಿಸುವಂತಿಲ್ಲ. ಬಾಡಿಗೆ, ಮಾರಾಟ, ಖರೀದಿಯ ತಿದ್ದುಪಡಿಗಳೆಲ್ಲ ಲಾಭ-ನಷ್ಟ ಹೊಂದಾಣಿಕೆ ಖಾತೆಗೆ ಹೋಗುತ್ತವೆ. ಗಿರಾಕಿಯ 900 ಮಾತ್ರ ನೇರವಾಗಿ ಅವರ ಖಾತೆಗೇ, ಏಕೆಂದರೆ ಅದರಿಂದ ಲಾಭ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಕಂಪ್ಯೂಟರ್ ಬಂದ ಮೇಲೆ ಕೂಡುವ ತಪ್ಪು ಹೋಯಿತು. ಬೆಂಗಳೂರಿನ ಟ್ಯಾಲಿಯಲ್ಲಿ ಡೆಬಿಟ್-ಕ್ರೆಡಿಟ್ ಹೊಂದದ ವೋಚರ್ ಉಳಿಯುವುದೇ ಇಲ್ಲ. ಆದರೂ ಆರಂಭದ ಬಾಕಿಗಳು ಹೊಂದದಿದ್ದರೆ ಅದು `Difference in opening balances` ಎಂದು ತೋರಿಸುತ್ತದೆ, `Suspense A/c` ಎಂಬ ಗುಂಪೂ ಅದರಲ್ಲಿದೆ. ಈಗ ಅಲ್ಲಿ ಬಂದು ಬೀಳುವುದು ಹೆಚ್ಚಾಗಿ ಯಾರದೆಂದು ಗೊತ್ತಾಗದೆ ಬ್ಯಾಂಕಿಗೆ ಜಮೆಯಾದ ಹಣ.

ನಿಮ್ಮ ಅಂಗಡಿಯದೋ ಸೊಸೈಟಿಯದೋ ಆಸ್ತಿ-ಹೊಣೆ ಪಟ್ಟಿಯಲ್ಲಿ ಸಸ್ಪೆನ್ಸ್ ಎಂಬ ಸಾಲು ಕಂಡರೆ, ಮೊತ್ತ ಎಷ್ಟೇ ಚಿಕ್ಕದಿರಲಿ, ಅದರ ವಿವರ ಬರೆದು ಕೊಡಿ ಎಂದು ಲೆಕ್ಕ ಬರೆಯುವವರನ್ನು ಕೇಳಿ.