ಪೋಸ್ಟರ್‌ಗೆ ಎಷ್ಟು ಅಂಕ?

ಅಪ್ರೈಸಲ್‌ನಲ್ಲಿ ಒಂದೇ ಪೋಸ್ಟರ್‌ಗೆ ಒಬ್ಬ ಮ್ಯಾನೇಜರ್ 5 ಕೊಟ್ಟರು, ಇನ್ನೊಬ್ಬರು 2 ಕೊಟ್ಟರು ಅಂದುಕೊಳ್ಳಿ. ಯಾರು ಸರಿ?

ದಯವಿಟ್ಟು ಸರಾಸರಿ ತೆಗೆಯಬೇಡಿ. ಮೂರೂವರೆ ಅಂತ ಬರೆದ ಕೂಡಲೇ ಭಿನ್ನಾಭಿಪ್ರಾಯದ ಕಾರಣ ಮುಚ್ಚಿಹೋಗುತ್ತದೆ. ಮೊದಲು ಬ್ರೀಫ್ ತೆರೆಯಿರಿ.

ಇದು ಬಸ್ ನಿಲ್ದಾಣಕ್ಕೆ ಮಾಡಿದ ಲಸಿಕಾ ಶಿಬಿರದ ಪೋಸ್ಟರ್. ಬ್ರೀಫ್ ಕೇಳಿದ್ದು, 10 ಅಡಿ ದೂರದಿಂದ ದಿನಾಂಕ ಮತ್ತು ಸ್ಥಳ ಓದಲು ಬರಬೇಕು ಅಂತ. ಹಾಗಾದರೆ ಪೋಸ್ಟರನ್ನು ಗೋಡೆಗೆ ಅಂಟಿಸಿ, 10 ಅಡಿ ಹಿಂದೆ ನಿಂತು ನೋಡಿ. ದಿನಾಂಕ ಕಾಣುತ್ತಿಲ್ಲ! 5 ಕೊಟ್ಟವರು ಪೋಸ್ಟರ್‌ನ ಹಳದಿ ಬಣ್ಣಕ್ಕೆ ಮನಸೋತಿದ್ದರು. 2 ಕೊಟ್ಟವರಿಗೆ ಅದೇ ಹಳದಿ ಹಿಡಿಸಿರಲಿಲ್ಲ. ದಿನಾಂಕವನ್ನು ಇಬ್ಬರೂ ನೋಡಿಯೇ ಇರಲಿಲ್ಲ.

ಇಷ್ಟಕ್ಕೇ ಅಂಕ ಕಳೆಯಬೇಡಿ. ಹಳೆಯ ಡ್ರಾಫ್ಟ್‌ಗಳನ್ನೂ ತರಿಸಿ. ಮೊದಲ ಡ್ರಾಫ್ಟ್‌ನಲ್ಲಿ ದಿನಾಂಕ ದೊಡ್ಡದಾಗಿಯೇ ಇತ್ತು. ಲೋಗೊ ದೊಡ್ಡದು ಮಾಡಿ ಎಂದು ಗ್ರಾಹಕರು ಹೇಳಿದಾಗ ದಿನಾಂಕ ಕುಗ್ಗಿತು. "ಹೀಗೆ ಮಾಡಿದರೆ ದಿನಾಂಕ ಓದಲು ಬರಲ್ಲ" ಎಂದು ಡಿಸೈನರ್ ಮೇಲ್ ಹಾಕಿದ್ದರೆ, ಆ ತಪ್ಪು ಅವರ ಲೆಕ್ಕಕ್ಕೆ ಬರಬಾರದು. ಸುಮ್ಮನೆ ಬದಲಿಸಿ ಕಳಿಸಿದ್ದರೆ ಬರಬೇಕು. ನನ್ನ ಪ್ರಕಾರ ಇಡೀ ರೇಟಿಂಗ್‌ನಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೇ.

ಇನ್ನು ಆ ಹಳದಿ? ಇಷ್ಟವಾಯಿತೋ ಇಲ್ಲವೋ ಅನ್ನುವುದನ್ನು, ಅಭಿಪ್ರಾಯ ಯಾರದೆಂದು ಹೆಸರು ಹಾಕಿ, ಒಂದು ವಾಕ್ಯದಲ್ಲಿ ಬರೆದಿಡಿ. ಅದನ್ನು ಅಂಕಕ್ಕೆ ಸೇರಿಸಬೇಡಿ.

ಹಾಗೆಯೇ, ಯಾವ ಕೆಲಸಗಳನ್ನು ನೋಡಬೇಕೆಂದು ಇಬ್ಬರು ಮ್ಯಾನೇಜರ್‌ಗಳೂ ಮೊದಲೇ ಒಪ್ಪಿಕೊಳ್ಳಲಿ, ವರ್ಷದ ಆರಂಭದವೂ ಅದರಲ್ಲಿರಲಿ. ಇಲ್ಲವಾದರೆ ಕಳೆದ ತಿಂಗಳ ಪೋಸ್ಟರ್ ಒಂದೇ ಇಡೀ ವರ್ಷದ ರೇಟಿಂಗ್ ಆಗಿಬಿಡುತ್ತದೆ.