ಏಪ್ರಿಲ್‌ಗೆ ಎಷ್ಟು ಕೂಲರ್ ತರಿಸಬೇಕು?

ಏರ್ ಕೂಲರ್, ಛತ್ರಿ, ಸ್ವೆಟರ್‌ಗಳಂಥ ಸರಕಿನ ಮಾರಾಟದ ಅಂಕಿಯಲ್ಲಿ ಮೂರು ಸಂಗತಿಗಳು ಒಟ್ಟಿಗೆ ಬೆರೆತಿರುತ್ತವೆ. ಈಗ ವ್ಯಾಪಾರ ಸರಾಸರಿ ಎಷ್ಟಿದೆ ಎಂಬುದು ಮಟ್ಟ. ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಒಲವು. ವರ್ಷದ ಯಾವ ಹೊತ್ತಿನಲ್ಲಿ ಸರಾಸರಿಗಿಂತ ಎಷ್ಟು ಪಟ್ಟು ಹೆಚ್ಚು ಅಥವಾ ಕಡಿಮೆ ಮಾರಾಟವಾಗುತ್ತದೆ ಎಂಬುದು ಋತುಗುಣಕ. ಮಾರ್ಚ್‌ನಲ್ಲಿ ಕೂಲರ್ ಮಾರಾಟ ಜಿಗಿದರೆ ವ್ಯಾಪಾರ ಬೆಳೆದಿದೆ ಎಂದು ಹೇಳಲಾಗದು. ಅದು ಬರೀ ಬಿಸಿಲಿನ ಕೆಲಸವೂ ಆಗಿರಬಹುದು. ಈ ಮೂರನ್ನೂ ಬಿಡಿಸಿಟ್ಟು, ಹೊಸ ಅಂಕಿ ಬಂದಾಗಲೆಲ್ಲ ತುಸು ತುಸುವೇ ತಿದ್ದಿಕೊಂಡು ಹೋಗುವ ಲೆಕ್ಕಕ್ಕೆ ಹೋಲ್ಟ್–ವಿಂಟರ್ಸ್ ವಿಧಾನ ಎಂದು ಹೆಸರು.

ಇದರ ಬೇರು ಎಕ್ಸ್‌ಪೊನೆನ್ಷಿಯಲ್ ಸ್ಮೂತಿಂಗ್ ಎಂಬ ಸರಳ ಉಪಾಯದಲ್ಲಿದೆ. ಹಳೆಯ ಅಂಕಿಗಳಿಗೆಲ್ಲ ಸಮಾನ ಬೆಲೆ ಕೊಡುವ ಬದಲು, ಹೊಸದಕ್ಕೆ ಹೆಚ್ಚು ತೂಕ ಕೊಟ್ಟು, ಹಿಂದಕ್ಕೆ ಹೋದಂತೆ ತೂಕವನ್ನು ಒಂದೇ ಪ್ರಮಾಣದಲ್ಲಿ ಇಳಿಸುವುದು ಆ ಉಪಾಯ. ತೀರಾ ಹೊಸ ಅಂಕಿಗೆ 0.3 ತೂಕ ಕೊಟ್ಟರೆ ಅದರ ಹಿಂದಿನದಕ್ಕೆ 0.21, ಅದಕ್ಕೂ ಹಿಂದಿನದಕ್ಕೆ 0.147 ದಕ್ಕುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಗೆ ಕೆಲಸ ಮಾಡುತ್ತಿದ್ದ ರಾಬರ್ಟ್ ಬ್ರೌನ್ ಇದನ್ನು ರೂಪಿಸಿ, ಮುಂದೆ ದಾಸ್ತಾನಿನ ಲೆಕ್ಕಕ್ಕೂ ತಂದರು. ಚಾರ್ಲ್ಸ್ ಹೋಲ್ಟ್ 1957ರಲ್ಲಿ ಒಲವು ಮತ್ತು ಋತುವನ್ನು ಸೇರಿಸಿದರು. ಪೀಟರ್ ವಿಂಟರ್ಸ್ 1960ರಲ್ಲಿ ಅದನ್ನು ನಿಜವಾದ ಮಾರಾಟದ ಅಂಕಿಗಳ ಮೇಲೆ ಪರೀಕ್ಷಿಸಿ ನೋಡಿದರು. ಕಂಪ್ಯೂಟರಿನ ನೆನಪಿನ ಶಕ್ತಿ ದುಬಾರಿಯಾಗಿದ್ದ ಆ ದಿನಗಳಲ್ಲಿ ಈ ವಿಧಾನಕ್ಕೆ ಒಂದು ದೊಡ್ಡ ಅನುಕೂಲವಿತ್ತು. ತ್ರೈಮಾಸಿಕ ಲೆಕ್ಕವಾದರೆ ಮಟ್ಟ, ಒಲವು ಮತ್ತು ನಾಲ್ಕು ಗುಣಕಗಳು, ಹೀಗೆ ಪ್ರತಿ ಸರಕಿಗೆ ಆರೇ ಸಂಖ್ಯೆಗಳನ್ನು ಇಟ್ಟುಕೊಂಡರೆ ಸಾಕಿತ್ತು. ವರ್ಷಗಟ್ಟಲೆಯ ಲೆಡ್ಜರ್ ಬೇಕಿರಲಿಲ್ಲ.

ಕಲಬುರಗಿಯ ಒಬ್ಬ ಕೂಲರ್ ವಿತರಕರ ಲೆಕ್ಕವನ್ನು ಕಲ್ಪಿಸಿಕೊಂಡರೆ ಕೆಲಸ ನಡೆಯುವ ಬಗೆ ತಿಳಿಯುತ್ತದೆ. ಡಿಸೆಂಬರ್ ಕೊನೆಗೆ ಮಟ್ಟ ತ್ರೈಮಾಸಿಕಕ್ಕೆ 400 ಕೂಲರ್, ಒಲವು ಪ್ರತಿ ತ್ರೈಮಾಸಿಕಕ್ಕೆ 10ರ ಏರಿಕೆ ಎಂದಿರಲಿ. ಗುಣಕಗಳು ಜನವರಿ–ಮಾರ್ಚ್‌ಗೆ 1.2, ಏಪ್ರಿಲ್–ಜೂನ್‌ಗೆ 2.0, ಜುಲೈ–ಸೆಪ್ಟೆಂಬರ್‌ಗೆ 0.5, ಅಕ್ಟೋಬರ್–ಡಿಸೆಂಬರ್‌ಗೆ 0.3. ನಾಲ್ಕೂ ಕೂಡಿದರೆ 4. ಅಂದರೆ ಸರಾಸರಿ ಒಂದು. ಮುನ್ನಂದಾಜು ಮಾಡಲು ಮಟ್ಟಕ್ಕೆ ಒಲವನ್ನು ಕೂಡಿಸಿ ಆಯಾ ಗುಣಕದಿಂದ ಗುಣಿಸಬೇಕು. ಮೊದಲ ತ್ರೈಮಾಸಿಕಕ್ಕೆ 410 × 1.2 = 492 ಕೂಲರ್. ಎರಡನೆಯದಕ್ಕೆ ಒಲವು ಎರಡು ಸಲ ಸೇರಿ 420 × 2.0 = 840.

ಮಾರ್ಚ್ ಮುಗಿಯಿತು; ಮಾರಾಟವಾದದ್ದು 540. ಅಂದಾಜಿಗಿಂತ 48 ಹೆಚ್ಚು, ಹತ್ತಿರ ಹತ್ತಿರ ಶೇಕಡ 10. ಉತ್ಸಾಹಿ ವ್ಯಾಪಾರಿ ಬೇಸಿಗೆಯ ಆರ್ಡರನ್ನೂ ಅಷ್ಟೇ ಏರಿಸಿ 920ರ ಸುತ್ತ ತರಿಸಿಬಿಡಬಹುದು. ಈ ವಿಧಾನ ಹಾಗೆ ಮಾಡುವುದಿಲ್ಲ. ಮೊದಲು 540ರಿಂದ ಋತುವನ್ನು ತೆಗೆದುಹಾಕುತ್ತದೆ: 540 ÷ 1.2 = 450. ಅಂದಾಜಿಸಿದ್ದ ಮಟ್ಟ 410. ಹೊಸ ಮಟ್ಟ ಇವೆರಡರ ನಡುವೆ ಎಲ್ಲೋ ಇರಬೇಕು. ಎಲ್ಲಿ ಎಂಬುದನ್ನು ತೂಕ ನಿರ್ಧರಿಸುತ್ತದೆ. ಮಟ್ಟಕ್ಕೆ 0.3, ಒಲವಿಗೆ 0.1, ಋತುವಿಗೆ 0.2 ತೂಕ ಇಟ್ಟರೆ:

```
ಮಟ್ಟ  = 0.3 × 450 + 0.7 × 410         = 422
ಒಲವು  = 0.1 × (422 − 400) + 0.9 × 10  = 11.2
ಗುಣಕ  = 0.2 × (540 ÷ 422) + 0.8 × 1.2 ≈ 1.216
```

ಏಪ್ರಿಲ್–ಜೂನ್‌ನ ಹೊಸ ಅಂದಾಜು (422 + 11.2) × 2.0, ಅಂದರೆ ಸುಮಾರು 866. ಏರಿದ್ದು 26 ಕೂಲರ್ ಮಾತ್ರ. ಹೆಚ್ಚುವರಿ ಮಾರಾಟದ ಒಂದು ಪಾಲು ನಿಜವಾದ ಬೆಳವಣಿಗೆ ಎಂದೂ, ಒಂದು ಪಾಲು ಮಾರ್ಚ್ ತಿಂಗಳಿನದೇ ಗುಣವೆಂದೂ, ಉಳಿದದ್ದು ಆಕಸ್ಮಿಕವೆಂದೂ ಲೆಕ್ಕ ಹಂಚಿಕೊಂಡಿತು. 1.216 ಎಂಬ ಹೊಸ ಗುಣಕ ಕೆಲಸಕ್ಕೆ ಬರುವುದು ಮುಂದಿನ ವರ್ಷದ ಮಾರ್ಚ್‌ಗೆ.

ತೂಕಗಳನ್ನು ಮನಸ್ಸಿಗೆ ಬಂದಂತೆ ಇಡುವುದಲ್ಲ. ಹಳೆಯ ಮಾರಾಟದ ಮೇಲೆ ಬೇರೆ ಬೇರೆ ತೂಕಗಳಿಂದ ಲೆಕ್ಕ ಓಡಿಸಿ, ಯಾವುದರಲ್ಲಿ ತಪ್ಪು ಕಡಿಮೆಯೋ ಅದನ್ನು ಆರಿಸುತ್ತಾರೆ. ಗುಣಕಗಳನ್ನು ಮೊದಲು ಕಟ್ಟಲು ಕನಿಷ್ಠ ಎರಡು ಪೂರ್ಣ ವರ್ಷಗಳ ಅಂಕಿ ಬೇಕು, ಮೂರಿದ್ದರೆ ವಾಸಿ. ಎಕ್ಸೆಲ್‌ನಲ್ಲಿ 2016ರ ಆವೃತ್ತಿಯಿಂದ `FORECAST.ETS` ಎಂಬ ಸೂತ್ರವಿದೆ. ಆದರೆ ಅದು ಋತುವನ್ನು ಗುಣಿಸುವುದಿಲ್ಲ, ಕೂಡಿಸುತ್ತದೆ. ಬೇಸಿಗೆಯಲ್ಲಿ ಪ್ರತಿ ವರ್ಷವೂ ಸರಾಸರಿಗಿಂತ ಇಷ್ಟೇ ಕೂಲರ್ ಹೆಚ್ಚು ಎಂದು ಅದರ ನಂಬಿಕೆ. ವ್ಯಾಪಾರ ಇಮ್ಮಡಿಯಾದಾಗ ಬೇಸಿಗೆಯ ಜಿಗಿತವೂ ಇಮ್ಮಡಿಯಾಗುವ ಸರಕಿಗೆ ಇದು ಒಗ್ಗದು. ಅಂಥಲ್ಲಿ ಅಂಕಿಗಳ ಲಾಗರಿದಮ್ ತೆಗೆದು ಸೂತ್ರಕ್ಕೆ ಕೊಟ್ಟು, ಬಂದ ಉತ್ತರವನ್ನು ಮತ್ತೆ ತಿರುಗಿಸಿಕೊಳ್ಳುವುದು ರೂಢಿ.

ಲೆಕ್ಕ ಕೆಡುವುದು ಹೆಚ್ಚಾಗಿ ಸೂತ್ರದಿಂದಲ್ಲ, ಅದಕ್ಕೆ ಉಣಿಸಿದ ಅಂಕಿಯಿಂದ. ಬಿಲ್ ಪುಸ್ತಕದಲ್ಲಿರುವುದು ಮಾರಾಟ, ಬೇಕಾದದ್ದು ಬೇಡಿಕೆ. ಮೇ ಕೊನೆಗೇ ಗೋದಾಮು ಖಾಲಿಯಾಗಿ, 60 ದಿನಗಳಲ್ಲಿ 600 ಕೂಲರ್ ಮಾರಿ ಅಂಗಡಿ ಸುಮ್ಮನಾಯಿತೆನ್ನೋಣ. ಆ 600ನ್ನೇ ಕೊಟ್ಟರೆ ಮಟ್ಟವೂ ಬೇಸಿಗೆಯ ಗುಣಕವೂ ಕುಗ್ಗುತ್ತವೆ. ಮುಂದಿನ ವರ್ಷ ಆರ್ಡರ್ ಇನ್ನೂ ಕಡಿಮೆಯಾಗಿ ಸರಕು ಇನ್ನೂ ಬೇಗ ಮುಗಿಯುತ್ತದೆ. ಹಾಗೆಂದು ದಿನಕ್ಕೆ ಹತ್ತರಂತೆ ಇಡೀ 91 ದಿನಕ್ಕೆ 910 ಎಂದು ತುಂಬಿಸುವುದೂ ಸರಿಯಲ್ಲ, ಏಕೆಂದರೆ ಜೂನ್‌ನಲ್ಲಿ ಮಳೆ ಹಿಡಿದರೆ ಕೂಲರ್ ಕೇಳುವವರಿರುವುದಿಲ್ಲ. ಸರಕು ಮುಗಿಯದ ವರ್ಷಗಳಲ್ಲಿ ಜೂನ್‌ನ ಪಾಲು ಎಷ್ಟಿತ್ತೆಂದು ನೋಡಿ ತುಂಬಿಸಬೇಕು. 2020ರ ಲಾಕ್‌ಡೌನ್ ಬೇಸಿಗೆಯ ಅಂಕಿಗೂ ಇದೇ ಬಗೆಯ ದುರಸ್ತಿ ಬೇಕಾಗುತ್ತದೆ.

ಪಂಚಾಂಗವೂ ತೊಡಕು ತರುತ್ತದೆ. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ ಬಂತು. ಹಬ್ಬದ ಖರೀದಿ ಒಂದು ವರ್ಷ ಮೊದಲ ತ್ರೈಮಾಸಿಕಕ್ಕೂ ಇನ್ನೊಂದು ವರ್ಷ ಎರಡನೆಯದಕ್ಕೂ ಬಿದ್ದರೆ ಗುಣಕ ಗೊಂದಲಕ್ಕೊಳಗಾಗುತ್ತದೆ. ಹಬ್ಬದ ಹೆಚ್ಚುವರಿ ಮಾರಾಟವನ್ನು ಬೇರೆ ತೆಗೆದು, ಲೆಕ್ಕ ಮುಗಿದ ಮೇಲೆ ಆ ವರ್ಷದ ತಾರೀಖಿಗೆ ತಕ್ಕಂತೆ ಸೇರಿಸುವುದೇ ದಾರಿ. ಬಿಸಿಲು ಬೇಗ ಬಂದು ಏಪ್ರಿಲ್‌ನ ಗಿರಾಕಿಗಳು ಮಾರ್ಚ್‌ನಲ್ಲೇ ಕೊಂಡುಬಿಟ್ಟರೆ ಮಾತ್ರ ವಿಧಾನ ಕೈಚೆಲ್ಲುತ್ತದೆ. ಅದು ಆರ್ಡರ್ ಏರಿಸು ಎನ್ನುತ್ತದೆ, ನಿಜಕ್ಕೂ ಇಳಿಸಬೇಕಿರುತ್ತದೆ. ಇದನ್ನು ಹಿಡಿಯಬಲ್ಲವನು ಅಂಗಡಿಯಲ್ಲಿ ಕೂತವನೇ.

ಲೆಕ್ಕ ದಾರಿ ತಪ್ಪಿದೆಯೇ ಎಂದು ತಿಳಿಯಲು ತಪ್ಪುಗಳ ಗುರುತು ನೋಡಬೇಕು. ಆರೋಗ್ಯವಾಗಿರುವ ಅಂದಾಜು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುತ್ತದೆ. ಸತತವಾಗಿ ಒಂದೇ ಕಡೆಗೆ ವಾಲಿ, ಕೂಡಿಬಂದ ತಪ್ಪು ಸರಾಸರಿ ತಪ್ಪಿನ ನಾಲ್ಕು ಪಟ್ಟು ಮೀರಿದರೆ ತೂಕಗಳನ್ನೂ ಗುಣಕಗಳನ್ನೂ ಮತ್ತೆ ಕಟ್ಟುವುದು ವಾಡಿಕೆ.

ಕೊನೆಗೆ 866 ಎಂಬುದು ಆರ್ಡರ್ ಅಲ್ಲ, ಅಂದಾಜಿನ ನಡುಬಿಂದು. ಬೇಡಿಕೆ ಅದನ್ನು ಮೀರುವ ಸಾಧ್ಯತೆ ಅರ್ಧಕ್ಕರ್ಧ. ಬೇಸಿಗೆಯ ಅಂದಾಜು ಹಿಂದೆ ಸರಾಸರಿ 70ರಷ್ಟು ತಪ್ಪಿದ್ದರೆ, ಅದರ ಒಂದೂಕಾಲು ಪಟ್ಟು, ಸುಮಾರು 88, ಬೇಡಿಕೆಯ ಹರವಿನ ಅಳತೆಯಾಗುತ್ತದೆ. ಕೂಲರ್ ಸಿಗದೆ ಗಿರಾಕಿ ಹೋದರೆ 1500 ರೂಪಾಯಿ ಲಾಭ ಕೈತಪ್ಪುತ್ತದೆ, ಉಳಿದ ಕೂಲರನ್ನು ಮುಂದಿನ ವರ್ಷದವರೆಗೆ ಇಡಲು 500 ರೂಪಾಯಿ ತಗಲುತ್ತದೆ ಎಂದಾದರೆ, ನಾಲ್ಕು ಬೇಸಿಗೆಗಳಲ್ಲಿ ಮೂರಕ್ಕೆ ಸಾಲುವಷ್ಟು ತರಿಸುವುದು ಲಾಭಕರ. ಅದಕ್ಕೆ ಹರವಿನ 0.67 ಪಟ್ಟು, ಅಂದರೆ 59 ಕೂಲರ್ ಸೇರಿಸಬೇಕು, ಆರ್ಡರ್ 925. ಉಳಿಸಿಕೊಳ್ಳುವ ಖರ್ಚೂ 1500 ಆದರೆ 866ಕ್ಕೇ ನಿಲ್ಲಿಸುವುದು ಸರಿ. ಅದಕ್ಕಿಂತಲೂ ದುಬಾರಿಯಾದರೆ ಅಂದಾಜಿಗಿಂತ ಕಡಿಮೆಯನ್ನೇ ತರಿಸಬೇಕು.