ಸೈಟ್ ಕೆಟ್ಟಿದ್ದು ಎಲ್ಲರಿಗೋ, ನಮಗೊಬ್ಬರಿಗೋ?

2021ರ ಅಕ್ಟೋಬರ್ 4ರ ರಾತ್ರಿ, ನಮ್ಮ ಗಡಿಯಾರದಲ್ಲಿ ಒಂಬತ್ತು ದಾಟಿದ ಸ್ವಲ್ಪ ಹೊತ್ತಿಗೆ, ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತುಹೋದವು. ಫೋನ್ ಆಫ್ ಮಾಡಿ ಆನ್ ಮಾಡಿದವರೆಷ್ಟೋ, ವೈಫೈ ರೂಟರಿನ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದವರೆಷ್ಟೋ. ತಪ್ಪು ನಡೆದಿದ್ದು ಮಾತ್ರ ಆ ಕಂಪನಿಯ ಒಳಗೇ. ನಿರ್ವಹಣೆಯ ಕೆಲಸದಲ್ಲಿ ಕೊಟ್ಟ ಒಂದು ಕಮಾಂಡ್ ಅವರ ಡೇಟಾ ಸೆಂಟರುಗಳನ್ನು ಬೆಸೆಯುವ ಜಾಲವನ್ನೇ ಕಡಿದುಹಾಕಿತ್ತು. ಅದರ ಬೆನ್ನಿಗೇ facebook.com ಎಂಬ ಹೆಸರು ಎಲ್ಲಿದೆ ಎಂದು ಜಗತ್ತಿಗೆ ಹೇಳುವ ಅವರ ಸರ್ವರುಗಳಿಗೂ ದಾರಿ ಇಲ್ಲದಾಯಿತು. ಸರಿಹೋಗಲು ಆರು ಗಂಟೆಯಷ್ಟು ಹಿಡಿಯಿತು.

ಆ ರಾತ್ರಿ ಜನ ತಮ್ಮ ರೂಟರನ್ನು ಬೈದುಕೊಂಡಿದ್ದರೆ ಅದರಲ್ಲಿ ದಡ್ಡತನವೇನೂ ಇರಲಿಲ್ಲ. ಬ್ರೌಸರ್ ತೋರಿಸುತ್ತಿದ್ದದ್ದು ಮನೆಯ ನೆಟ್ ಕೈಕೊಟ್ಟಾಗ ಕಾಣುವಂಥದ್ದೇ ಪುಟ. ಕರೆಂಟ್ ಹೋದರೆ ನಾವು ಮೊದಲು ಕಿಟಕಿಯಿಂದ ಪಕ್ಕದ ಮನೆ ನೋಡುತ್ತೇವೆ. ಅಲ್ಲಿ ಬೆಳಕಿದ್ದರೆ ನಮ್ಮ ಫ್ಯೂಸು, ಇಲ್ಲದಿದ್ದರೆ ಬೀದಿಯದ್ದು. ವೆಬ್‌ಸೈಟಿನ ವಿಷಯದಲ್ಲಿ ಆ ಪಕ್ಕದ ಮನೆ ಯಾವುದು ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಅದಕ್ಕೂ ಮೊದಲು, ಪರದೆಯ ಮೇಲೆ ಏನು ಬರೆದಿದೆ ಎಂದು ಓದಬೇಕು. ಬಹುತೇಕರು ಓದುವುದಿಲ್ಲ. 'ಓಪನ್ ಆಗ್ತಿಲ್ಲ' ಅನ್ನುತ್ತಾರೆ, ಅಷ್ಟೇ. ನೀವು ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದ ಮೇಲೆ ಮೂರು ಕೆಲಸ ಒಂದರ ಹಿಂದೆ ಒಂದು ನಡೆಯುತ್ತವೆ. ಮೊದಲು ನಿಮ್ಮ ಬ್ರೌಸರ್ ಆ ಹೆಸರಿಗೆ ಹೊಂದುವ ಐಪಿ ಸಂಖ್ಯೆ ಯಾವುದೆಂದು ಡಿಎನ್ಎಸ್ ಎಂಬ ವ್ಯವಸ್ಥೆಯನ್ನು ಕೇಳುತ್ತದೆ. ಸಾಮಾನ್ಯವಾಗಿ ಇದಕ್ಕೆ ಉತ್ತರ ಕೊಡುವುದು ನಿಮಗೆ ನೆಟ್ ಕೊಡುವ ಕಂಪನಿಯ ಸರ್ವರ್. ಆಮೇಲೆ ಆ ಸಂಖ್ಯೆಯ ಕಂಪ್ಯೂಟರಿಗೆ ಸಂಪರ್ಕ ಬೆಳೆಸುತ್ತದೆ. ಕೊನೆಗೆ ಪುಟವನ್ನು ಕೇಳಿ ತರಿಸಿಕೊಳ್ಳುತ್ತದೆ. ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಕ್ರೋಮ್ ಬ್ರೌಸರ್ ಕೆಳಗೆ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ.

DNS_PROBE_FINISHED_NXDOMAIN ಎಂದಿದ್ದರೆ ಹೆಸರೇ ಸಿಗಲಿಲ್ಲ ಎಂದರ್ಥ. ವಿಳಾಸದಲ್ಲಿ ಒಂದಕ್ಷರ ತಪ್ಪಿದರೂ ಇದೇ ಬರುತ್ತದೆ, ಹಾಗಾಗಿ ಮೊದಲು ಕಾಗುಣಿತ ನೋಡಿ. ERR_CONNECTION_TIMED_OUT ಎಂದಿದ್ದರೆ ಸಂಖ್ಯೆ ಸಿಕ್ಕಿತು, ಕರೆ ಹೋಯಿತು, ಆ ಕಡೆಯಿಂದ ಯಾರೂ ಓಗೊಡಲಿಲ್ಲ. ಈ ಎರಡೂ ಸಂದೇಶಗಳು ತಪ್ಪು ಯಾರದ್ದೆಂದು ತೀರ್ಮಾನಿಸುವುದಿಲ್ಲ. ಎಲ್ಲಿ ನಿಂತಿತು ಎಂದಷ್ಟೇ ಹೇಳುತ್ತವೆ. ಆದರೆ 500, 502, 503, 504 ಎಂಬ ಅಂಕಿಗಳ ಮಾತು ಬೇರೆ. ಅವು ಆ ಕಡೆಯ ಸರ್ವರೇ ಬರೆದು ಕಳಿಸಿದ ಉತ್ತರ. ಉತ್ತರ ನಿಮ್ಮ ಪರದೆಗೆ ಬಂದು ತಲುಪಿದೆ ಅಂದಮೇಲೆ ನಿಮ್ಮ ಫೋನು, ರೂಟರು, ಲೈನು ಎಲ್ಲವೂ ಸರಿಯಾಗಿವೆ. ಇಲ್ಲಿ ರೂಟರಿನ ಪ್ಲಗ್ ಕಿತ್ತು ಏನೂ ಉಪಯೋಗವಿಲ್ಲ. (404 ಮಾತ್ರ ಈ ಗುಂಪಿಗೆ ಸೇರದು. ಸೈಟ್ ಚೆನ್ನಾಗಿದೆ, ಆ ಒಂದು ಪುಟ ಅಲ್ಲಿಲ್ಲ ಎಂದಷ್ಟೇ ಅದು ಹೇಳುತ್ತದೆ.)

ಈಗ ಪಕ್ಕದ ಮನೆಯ ಪ್ರಶ್ನೆ. ಅಕ್ಕನ ಮಗಳು ಪದವಿ ಕಾಲೇಜೊಂದಕ್ಕೆ ಅರ್ಜಿ ಹಾಕುತ್ತಿದ್ದಾಗ ನಡೆದದ್ದನ್ನೇ ಹೇಳುತ್ತೇನೆ.

"ಮಾವ, ಕಾಲೇಜ್ ಸೈಟ್ ಡೌನ್ ಆಗಿದೆ. ಮನೇಲಿ ಯಾರಿಗೂ ಓಪನ್ ಆಗ್ತಿಲ್ಲ."

"ಯಾರಿಗೂ ಅಂದ್ರೆ?"

"ನನ್ನ ಲ್ಯಾಪ್‌ಟಾಪ್, ಅಮ್ಮನ ಫೋನು, ಎರಡರಲ್ಲೂ ನೋಡ್ದೆ."

"ಎರಡೂ ಒಂದೇ ವೈಫೈ ತಾನೆ? ಹಾಗಾದ್ರೆ ಅದು ಒಂದೇ ಮನೆ ಲೆಕ್ಕ. ಬೇರೆ ಸೈಟ್ ಬರ್ತಿದ್ಯಾ?"

ಬೇರೆ ಸೈಟುಗಳು ಬರುತ್ತಿದ್ದವು. ನೆಟ್ ಇದೆ ಎಂದಾಯಿತು. ಪರದೆ ಮೇಲೆ ಏನಿದೆ ಓದು ಎಂದರೆ NXDOMAIN ಎಂದಳು. ಅಮ್ಮನ ಫೋನಿನ ವೈಫೈ ಆಫ್ ಮಾಡಿ ಸಿಮ್ಮಿನ ಡೇಟಾದಲ್ಲಿ ನೋಡು ಎಂದೆ. ಅದೇ ಫೋನು, ಅದೇ ಬ್ರೌಸರು, ಲೈನು ಮಾತ್ರ ಬೇರೆ. ಪುಟ ತಟ್ಟನೆ ಬಂತು.

ಈ ಪರೀಕ್ಷೆಯ ಬಲವೆಲ್ಲ ಒಂದೇ ಒಂದು ಸಂಗತಿಯನ್ನು ಬದಲಿಸುವುದರಲ್ಲಿದೆ. ಗಾಬರಿಯಲ್ಲಿ ಫೋನು, ಬ್ರೌಸರು, ವೈಫೈ ಮೂರನ್ನೂ ಒಮ್ಮೆಗೇ ಬದಲಿಸಿದರೆ ಸೈಟ್ ತೆರೆದುಕೊಂಡರೂ ಯಾವುದರಿಂದ ತೆರೆಯಿತೆಂದು ತಿಳಿಯುವುದಿಲ್ಲ. ಇನ್ನೊಂದು ಎಚ್ಚರ: ವೈಫೈಗೂ ಸಿಮ್ಮಿಗೂ ಒಂದೇ ಕಂಪನಿಯಾಗಿದ್ದರೆ ಪರೀಕ್ಷೆ ಅರ್ಧ ಮಾತ್ರ. ಬೇರೆ ಕಂಪನಿಯ ಸಿಮ್ ಇರುವವರನ್ನೋ, ಬೇರೆ ಊರಿನಲ್ಲಿರುವ ಗೆಳತಿಯನ್ನೋ ಕೇಳುವುದು ಒಳ್ಳೆಯದು.

ಹುಡುಗಿಗೆ ಕುತೂಹಲ ಹತ್ತಿತ್ತು, ಹಾಗಾಗಿ ಇನ್ನೊಂದು ಹೆಜ್ಜೆ ಹೋದೆವು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಈ ಎರಡು ಸಾಲು ಹಾಕಬೇಕು. example.com ಇರುವಲ್ಲಿ ನಿಮಗೆ ಬೇಕಾದ ಸೈಟಿನ ಹೆಸರು.

```
nslookup example.com
nslookup example.com 8.8.8.8
```

ಮೊದಲನೆಯದು, ಸದ್ಯ ನಿಮಗೆ ಡಿಎನ್ಎಸ್ ಒದಗಿಸುತ್ತಿರುವ ಸರ್ವರನ್ನು ಕೇಳುತ್ತದೆ. ಎರಡನೆಯದು ಅದೇ ಪ್ರಶ್ನೆಯನ್ನು ಗೂಗಲ್ಲಿನ ಸಾರ್ವಜನಿಕ ಡಿಎನ್ಎಸ್‌ಗೆ ಹಾಕುತ್ತದೆ. ಅವಳಿಗೆ ಮೊದಲನೆಯದಕ್ಕೆ Non-existent domain ಎಂದೂ ಎರಡನೆಯದಕ್ಕೆ ಸರಿಯಾದ ಐಪಿ ಸಂಖ್ಯೆಯೂ ಬಂತು. ಕಾಲೇಜಿನವರು ತಮ್ಮ ಡೊಮೇನ್ ಹೆಸರಿನ ನವೀಕರಣ ಮರೆತಿದ್ದರಂತೆ. ಹೆಸರು ಪಟ್ಟಿಯಿಂದ ಹೊರಬಿದ್ದು, ಅಂದು ಬೆಳಗ್ಗೆಯಷ್ಟೇ ಹಣ ಕಟ್ಟಿ ವಾಪಸ್ ತಂದಿದ್ದರು. ಡಿಎನ್ಎಸ್ ಸರ್ವರುಗಳು 'ಇಂಥ ಹೆಸರಿಲ್ಲ' ಎಂಬ ಉತ್ತರವನ್ನೂ ಕೆಲ ಹೊತ್ತು ನೆನಪಿಟ್ಟುಕೊಳ್ಳುತ್ತವೆ, ಪ್ರತಿಸಲ ಹೊಸದಾಗಿ ವಿಚಾರಿಸಲು ಹೋಗುವುದಿಲ್ಲ. ಅವಳ ಮನೆಯ ನೆಟ್ ಕಂಪನಿ ಹಳೆಯ ಉತ್ತರವನ್ನೇ ಒಪ್ಪಿಸುತ್ತಿತ್ತು. ಡೇಟಾದಲ್ಲಿ ಅರ್ಜಿ ತುಂಬಿದಳು. ಸಂಜೆಯ ಹೊತ್ತಿಗೆ ವೈಫೈನಲ್ಲೂ ಸೈಟ್ ತಾನಾಗಿ ಬಂತು.

ಹೊಸಬರಿಗೆ ಇದನ್ನು ಕಲಿಸುವಾಗ ನಾನು ಈ ಮಧ್ಯದ ಉತ್ತರಕ್ಕೇ ಹೆಚ್ಚು ಒತ್ತು ಕೊಡುತ್ತೇನೆ. 'ಎಲ್ಲರಿಗೋ, ನನಗೊಬ್ಬನಿಗೋ' ಎಂಬ ಪ್ರಶ್ನೆಗೆ 'ನನ್ನ ಲೈನಿನವರಿಗೆಲ್ಲ' ಎಂಬ ಮೂರನೆಯ ಉತ್ತರವೂ ಇದೆ. ಕೆಳಗಿನ ಮನೆಯವರೂ ಅದೇ ಕಂಪನಿಯ ಗ್ರಾಹಕರಾಗಿದ್ದರೆ ಅವರಿಗೂ ಬರುವುದಿಲ್ಲ, ಇಡೀ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ 'ಸೈಟ್ ಡೌನ್' ಎಂದು ಸುದ್ದಿಯಾಗುತ್ತದೆ, ಸೈಟ್ ಮಾತ್ರ ಲೋಕಕ್ಕೆಲ್ಲ ಚೆನ್ನಾಗಿ ನಡೆಯುತ್ತಿರುತ್ತದೆ.

ಒಂದೇ ವೈಫೈನಲ್ಲಿ ಅಮ್ಮನ ಫೋನಿಗೆ ಬಂದು ನಿಮ್ಮ ಲ್ಯಾಪ್‌ಟಾಪಿಗೆ ಬಾರದಿದ್ದರೆ ಆಗ ನಿಮ್ಮ ಸಾಧನವನ್ನೇ ಅನುಮಾನಿಸಬೇಕು. ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ಹಳೆಯ ಕುಕೀಗಳಿರುವುದಿಲ್ಲ, ನೀವು ಸೇರಿಸಿಕೊಂಡ ಎಕ್ಸ್‌ಟೆನ್ಶನ್ನುಗಳೂ ಸಾಮಾನ್ಯವಾಗಿ ಓಡುವುದಿಲ್ಲ. ಅಲ್ಲಿ ಬಂದರೆ ಆ ಸೈಟಿನ ಕುಕೀ ಅಳಿಸಿ, ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ನಿಲ್ಲಿಸಿ ನೋಡಬಹುದು. ವಿಪಿಎನ್ ಹಾಕಿಕೊಂಡು ಮರೆತಿರುವವರೂ ಇದ್ದಾರೆ. NET::ERR_CERT_DATE_INVALID ಎಂದು ಬಂದರೆ ಮೂಲೆಯ ಗಡಿಯಾರ ನೋಡಿ: ಹಳೆಯ ಕಂಪ್ಯೂಟರಿನ ಒಳಗಿನ ಪುಟ್ಟ ಬ್ಯಾಟರಿ ಸತ್ತು ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಸೈಟಿನ ಭದ್ರತಾ ಪ್ರಮಾಣಪತ್ರಕ್ಕೆ ಅವಧಿ ಇರುವುದರಿಂದ, ಆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇನ್ನೂ ಜಾರಿಗೇ ಬಂದಿಲ್ಲ. ತಾರೀಖು ಸರಿ ಇದ್ದು, ಎಲ್ಲರಿಗೂ ಇದೇ ಬರುತ್ತಿದ್ದರೆ ಪ್ರಮಾಣಪತ್ರ ನವೀಕರಿಸದೆ ಬಿಟ್ಟವರು ಸೈಟಿನವರು. ಸಾಧನದ ವಯಸ್ಸೂ ಕಾರಣವಾಗಬಹುದು. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಹಳೆಯ ಮೂಲಪತ್ರವೊಂದರ ಅವಧಿ ಮುಗಿದಾಗ, ವರ್ಷಗಳಿಂದ ಅಪ್‌ಡೇಟ್ ಆಗದ ಕೆಲವು ಐಫೋನ್, ಮ್ಯಾಕ್‌ಗಳಲ್ಲಿ ಅನೇಕ ಸೈಟುಗಳು ಒಮ್ಮೆಗೇ ನಿಂತವು. ಪಕ್ಕದಲ್ಲೇ ಇದ್ದ ಹೊಸ ಫೋನಿಗೆ ಏನೂ ಆಗಲಿಲ್ಲ.

ಇಷ್ಟೆಲ್ಲ ಯಾಕೆ, ನಮ್ಮ ಬದಲು ನೋಡಿ ಹೇಳುವ ಸೈಟುಗಳೇ ಇವೆಯಲ್ಲ ಎಂದು ಕೇಳಬಹುದು. ಇವೆ, ಬಳಸಿ. ಆದರೆ ಅವು ಏನು ನೋಡುತ್ತವೆ ಎಂದು ಗೊತ್ತಿರಲಿ. downforeveryoneorjustme.com ನೀವು ಕೊಟ್ಟ ವಿಳಾಸವನ್ನು ತನ್ನ ಕಡೆಯಿಂದ ತೆರೆದು ನೋಡುತ್ತದೆ. ಮುಖಪುಟ ಬಂದರೆ ಸೈಟ್ ಇದೆ ಎನ್ನುತ್ತದೆ. ಒಳಗೆ ಲಾಗಿನ್ನೋ ಹಣ ಕಟ್ಟುವ ಪುಟವೋ ಕೆಟ್ಟಿದ್ದರೆ ಅದಕ್ಕೆ ಕಾಣುವುದಿಲ್ಲ. ನಮ್ಮ ದೇಶದ ಕೆಲವು ಸರ್ಕಾರಿ ಸೈಟುಗಳು ಹೊರದೇಶದಿಂದ ಬಂದ ಸಂಪರ್ಕಕ್ಕೆ ಬಾಗಿಲು ತೆರೆಯುವುದಿಲ್ಲ. ಅಂಥವನ್ನು ಹೊರದೇಶದ ಸರ್ವರಿನಿಂದ ಪರೀಕ್ಷಿಸಿದರೆ 'ಎಲ್ಲರಿಗೂ ಕೆಟ್ಟಿದೆ' ಎಂಬ ಉತ್ತರ ಬರಬಹುದು. ದುಬೈಯಲ್ಲೋ ಡಲ್ಲಾಸಿನಲ್ಲೋ ಕೂತ ಮಗ 'ಸೈಟೇ ಇಲ್ಲ' ಎನ್ನುವುದೂ, ಹುಬ್ಬಳ್ಳಿಯಲ್ಲಿ ಅಪ್ಪ ಅದೇ ಹೊತ್ತಿಗೆ ಅದರಲ್ಲಿ ಕೆಲಸ ಮುಗಿಸುವುದೂ ಹೀಗೆಯೇ.

ಡೌನ್‌ಡಿಟೆಕ್ಟರ್ ಮುಖ್ಯವಾಗಿ ನೆಚ್ಚಿಕೊಂಡಿರುವುದು ಜನ ಕೊಟ್ಟ ದೂರುಗಳನ್ನು. ನೆಟ್ ಕಂಪನಿಯೊಂದು ಕುಸಿದರೂ ಜನ ಯೂಟ್ಯೂಬ್ ಮೇಲೆ ದೂರು ಒತ್ತುತ್ತಾರೆ, ಯೂಟ್ಯೂಬಿನ ಗೆರೆ ಮೇಲೇರುತ್ತದೆ. 2025ರ ನವೆಂಬರ್ 18ರ ಸಂಜೆ ಕ್ಲೌಡ್‌ಫ್ಲೇರ್ ಸಂಸ್ಥೆಯಲ್ಲಿ ದೋಷವಾದಾಗ ಅದನ್ನು ನೆಚ್ಚಿಕೊಂಡ ಸೈಟುಗಳು ಲೋಕದೆಲ್ಲೆಡೆ 500 ತೋರಿಸಿದವು. ಅವುಗಳ ಜೊತೆಗೆ ಡೌನ್‌ಡಿಟೆಕ್ಟರಿಗೂ ತೊಂದರೆಯಾಯಿತು. ಅಂದು ಹಲವರಿಗೆ ಕಂಡ ಪುಟದಲ್ಲಿ ಮೂರು ಚಿತ್ರಗಳಿದ್ದವು: ನಿಮ್ಮ ಬ್ರೌಸರ್, ನಡುವೆ ಕ್ಲೌಡ್‌ಫ್ಲೇರ್, ಆಚೆ ಮೂಲ ಸೈಟ್. ದೋಷದ ಗುರುತು ನಡುವಿನದರ ಮೇಲಿತ್ತು. ಯಾರ ಕಡೆಯ ತಪ್ಪೆಂದು ಇಷ್ಟು ನೇರವಾಗಿ ಹೇಳುವ ಪುಟ ಸಿಕ್ಕಾಗ ಅದನ್ನು ಮುಚ್ಚುವ ಮೊದಲು ಓದಿಕೊಳ್ಳಿ.

ಎಲ್ಲರಿಗೂ ಕೆಟ್ಟಿದೆ ಎಂದು ಖಚಿತವಾದ ಮೇಲೆ ಕಾಯುವುದು ಬಿಟ್ಟರೆ ನಮ್ಮ ಕೈಲಿ ಹೆಚ್ಚೇನಿಲ್ಲ. ಆದರೆ ಶುಲ್ಕ ಕಟ್ಟುವ ನಡುವೆ 504 ಬಂದಿದ್ದರೆ ಮತ್ತೆ ಮತ್ತೆ ರಿಫ್ರೆಶ್ ಒತ್ತಬೇಡಿ. ಹಿಂದಿನ ಸರ್ವರಿನಿಂದ ಹೊತ್ತಿಗೆ ಸರಿಯಾಗಿ ಉತ್ತರ ಬರಲಿಲ್ಲ ಎಂದಷ್ಟೇ ಅದರ ಅರ್ಥ. ಕೆಲಸ ಆಗಿಯೇ ಇಲ್ಲ ಎಂದಲ್ಲ. ಹಣ ಆಗಲೇ ಹೋಗಿರಬಹುದು. ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಂಡು, ಬ್ಯಾಂಕಿನ ಖಾತೆಯಲ್ಲಿ ಹಣ ಕಡಿತವಾಗಿದೆಯೇ ಎಂದು ನೋಡಿ, ಆಮೇಲೆ ಎರಡನೆಯ ಸಲ ಕಟ್ಟುವ ಯೋಚನೆ ಮಾಡಿ.